ಹಾಳಾದ ಸರಕು, ವಿನಾಯಿತಿಯ ಮಾರಾಟ: ಐಟಿಸಿ ಮರಳಿಸುವ ಲೆಕ್ಕ

ಜಿಎಸ್‌ಟಿಯಲ್ಲಿ ವ್ಯಾಪಾರಿ ಸರಕು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು, ಅದೇ ಸರಕು ಮಾರುವಾಗ ಸಂಗ್ರಹಿಸಿದ ತೆರಿಗೆಯಲ್ಲಿ ಕಳೆದುಕೊಂಡು ಉಳಿದಷ್ಟನ್ನೇ ಸರ್ಕಾರಕ್ಕೆ ಕಟ್ಟುತ್ತಾನೆ. ಹೀಗೆ ಕಳೆದುಕೊಳ್ಳುವ ಮೊತ್ತಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎಂದು ಹೆಸರು. ಅಂಗಡಿ ಮತ್ತು ಲೆಕ್ಕಿಗರ ಕಚೇರಿಗಳಲ್ಲಿ ಅದು ಬರೀ ಐಟಿಸಿ. ಈ ಏರ್ಪಾಡು ಒಂದು ನಂಬಿಕೆಯ ಮೇಲೆ ನಿಂತಿದೆ: ಕೊಂಡ ಸರಕು ಮುಂದೆ ತೆರಿಗೆಯೊಡನೆ ಮಾರಾಟವಾಗುತ್ತದೆ, ಆಗ ಸರ್ಕಾರಕ್ಕೆ ಬರಬೇಕಾದದ್ದು ಬಂದೇ ಬರುತ್ತದೆ. ಸರಕು ಮಳೆಯಲ್ಲಿ ನೆನೆದು ಹಾಳಾದರೆ, ಕಳುವಾದರೆ, ಅಥವಾ ತೆರಿಗೆಯೇ ಇಲ್ಲದ ವಸ್ತುವಿನ ಮಾರಾಟಕ್ಕೆ ಬಳಕೆಯಾದರೆ ಆ ಮುಂದಿನ ತೆರಿಗೆ ಬರುವುದಿಲ್ಲ. ಆದ್ದರಿಂದ ಮೊದಲು ಪಡೆದ ಕ್ರೆಡಿಟ್ಟನ್ನು ಮರಳಿಸಬೇಕಾಗುತ್ತದೆ. ಇದನ್ನೇ ಐಟಿಸಿ ರಿವರ್ಸ್ ಮಾಡುವುದು ಎನ್ನುತ್ತಾರೆ.

2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 17ನೇ ಕಲಮು ಈ ಎರಡೂ ಸಂದರ್ಭಗಳನ್ನು ಹೇಳುತ್ತದೆ. ಅದರ ಎರಡನೇ ಉಪಕಲಮು ವಿನಾಯಿತಿ ಮಾರಾಟಕ್ಕೆ ಸಂಬಂಧಿಸಿದ್ದು. ಐದನೇ ಉಪಕಲಮಿನ ‘ಎಚ್’ ಖಂಡ ಕಳೆದುಹೋದ, ಕಳುವಾದ, ನಾಶವಾದ, ಪುಸ್ತಕದಲ್ಲಿ ವಜಾ ಮಾಡಿದ, ಉಡುಗೊರೆಯಾಗಿ ಇಲ್ಲವೇ ಉಚಿತ ಮಾದರಿಯಾಗಿ ಕೊಟ್ಟ ಸರಕುಗಳಿಗೆ ಕ್ರೆಡಿಟ್ ಇಲ್ಲ ಎನ್ನುತ್ತದೆ. ಎರಡರ ಲೆಕ್ಕದ ಬಗೆ ಬೇರೆ. ಹಾಳಾದ ಸರಕಿಗೆ ಅದರ ಮೇಲೆ ಪಡೆದ ಕ್ರೆಡಿಟ್ ಪೂರ್ತಿ ಹೋಗುತ್ತದೆ. ವಿನಾಯಿತಿ ಮಾರಾಟಕ್ಕೆ ಹೋದ ಖರ್ಚುಗಳಲ್ಲಿ ಕೆಲವದರ ಕ್ರೆಡಿಟ್ ಪೂರ್ತಿ ಹೋಗುತ್ತದೆ, ಕೆಲವದರದ್ದು ವಹಿವಾಟಿನ ಪ್ರಮಾಣಕ್ಕೆ ತಕ್ಕಷ್ಟು ಮಾತ್ರ.

ಕರ್ನಾಟಕದ ಕಿರಾಣಿ ಸಗಟು ವ್ಯಾಪಾರದಲ್ಲಿ ಈ ಎರಡೂ ಒಂದೇ ಅಂಗಡಿಯಲ್ಲಿ ಎದುರಾಗುತ್ತವೆ. 2022ರ ಜುಲೈ 18ರಿಂದ ಅಕ್ಕಿ, ಬೇಳೆ, ಹಿಟ್ಟುಗಳನ್ನು ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿ ಮಾರಿದರೆ ಶೇ 5 ತೆರಿಗೆ. ಆದರೆ 25 ಕೆ.ಜಿ.ಗಿಂತ ಹೆಚ್ಚು ತೂಕದ ಒಂದೇ ಚೀಲವಾದರೆ ತೆರಿಗೆ ಇಲ್ಲ. ಬಿಡಿಯಾಗಿ ತೂಗಿ ಕೊಟ್ಟರೂ ತೆರಿಗೆ ಇಲ್ಲ. ಅಕ್ಕಿ ಅಂಗಡಿಗಳಲ್ಲಿ 26 ಕೆ.ಜಿ. ಚೀಲ ಕಾಣಿಸಿಕೊಂಡದ್ದು ಈ ಕಾರಣದಿಂದ. ಒಂದೇ ಗಿರಣಿಯ ಒಂದೇ ಅಕ್ಕಿ 10 ಕೆ.ಜಿ. ಪೊಟ್ಟಣದಲ್ಲಿ ಹೊರಟರೆ ತೆರಿಗೆಯ ಮಾರಾಟ, 26 ಕೆ.ಜಿ. ಚೀಲದಲ್ಲಿ ಹೊರಟರೆ ವಿನಾಯಿತಿಯ ಮಾರಾಟ. ಕೊಳ್ಳುವವನಿಗೆ ಅದರಿಂದ ಚೀಲದ ಬೆಲೆಯಲ್ಲಿ ಉಳಿತಾಯ ಕಾಣುತ್ತದೆ. ಮಾರುವವನ ಪುಸ್ತಕದಲ್ಲಿ ಮಾತ್ರ ಅದು ಐಟಿಸಿಯ ಒಂದು ಪಾಲನ್ನು ತಿನ್ನುತ್ತದೆ, ಆ ಪಾಲು ಬಿಲ್ಲಿನಲ್ಲಿ ಎಲ್ಲೂ ಕಾಣುವುದಿಲ್ಲ.

ದಾವಣಗೆರೆಯಲ್ಲಿ ಇಂಥ ಒಂದು ಸಗಟು ಅಂಗಡಿ ಇದೆ ಎಂದು ಭಾವಿಸಿ, ಅದರ 2025ರ ಅಕ್ಟೋಬರ್ ತಿಂಗಳ ಲೆಕ್ಕ ಹಾಕಿ ನೋಡಬಹುದು. ಆ ತಿಂಗಳು ಅಡುಗೆ ಎಣ್ಣೆ, ಚಹಾಪುಡಿ, ಸಾಬೂನು, ಡಿಟರ್ಜೆಂಟ್, ಪೊಟ್ಟಣದ ಅಕ್ಕಿ ಎಲ್ಲ ಸೇರಿ ತೆರಿಗೆಯ ಮಾರಾಟ ₹30 ಲಕ್ಷ. 26 ಕೆ.ಜಿ. ಚೀಲದ ಅಕ್ಕಿ ಮತ್ತು ಬಿಡಿ ಬೇಳೆಯ ಮಾರಾಟ ₹20 ಲಕ್ಷ. ಒಟ್ಟು ₹50 ಲಕ್ಷ. ಅಂದರೆ ವಿನಾಯಿತಿಯ ಪಾಲು ಶೇ 40.

ಈ ಶೇ 40ನ್ನು ಎಲ್ಲ ಐಟಿಸಿಗೂ ಅನ್ವಯಿಸುವಂತಿಲ್ಲ. ಮೊದಲು ಖರೀದಿ ಬಿಲ್ಲುಗಳನ್ನು ಬೇರ್ಪಡಿಸಬೇಕು, ಕೇಂದ್ರ ಜಿಎಸ್‌ಟಿ ನಿಯಮಗಳ 42ನೇ ನಿಯಮ ಹೇಳುವುದು ಇದನ್ನೇ. ತೆರಿಗೆಯ ಮಾರಾಟಕ್ಕೆ ಮಾತ್ರ ಸಂಬಂಧಿಸಿದ ಖರೀದಿಗಳು ಒಂದು ಕಡೆ: ಎಣ್ಣೆ, ಚಹಾ, ಡಿಟರ್ಜೆಂಟ್ ಮೊದಲಾದವು. ಇವುಗಳ ಮೇಲಿನ ಐಟಿಸಿ ₹2,40,000 ಎಂದಿಟ್ಟುಕೊಂಡರೆ ಅದಷ್ಟೂ ವ್ಯಾಪಾರಿಗೇ ಸಲ್ಲುತ್ತದೆ. ವಿನಾಯಿತಿಯ ಮಾರಾಟಕ್ಕೆ ಮಾತ್ರ ಬಳಸಿದವು ಇನ್ನೊಂದು ಕಡೆ. 26 ಕೆ.ಜಿ. ಅಕ್ಕಿ ತುಂಬಲು ಕೊಂಡ ಪ್ಲಾಸ್ಟಿಕ್ ನೇಯ್ಗೆಯ ಖಾಲಿ ಚೀಲಗಳು ಇಲ್ಲಿಗೆ ಬರುತ್ತವೆ. ₹50,000ದ ಚೀಲಕ್ಕೆ ಶೇ 18ರಂತೆ ₹9,000 ತೆರಿಗೆ. ಚೀಲದ ಮೇಲೆ ತೆರಿಗೆ ಕೊಟ್ಟಿದ್ದರೂ ಅದರೊಳಗಿನ ಅಕ್ಕಿಗೆ ತೆರಿಗೆ ಇಲ್ಲವಾದ್ದರಿಂದ ಈ ₹9,000ದಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ.

ಮೂರನೆಯದು ಎರಡಕ್ಕೂ ಸೇರಿದ ಖರ್ಚುಗಳು. ನೋಂದಾಯಿತ ಮಾಲೀಕನಿಗೆ ಕೊಡುವ ಮಳಿಗೆ ಬಾಡಿಗೆ ₹1,00,000, ಲೆಕ್ಕಪರಿಶೋಧಕರ ಶುಲ್ಕ ₹20,000, ಬಿಲ್ಲಿಂಗ್ ಸಾಫ್ಟ್‌ವೇರ್ ₹15,000, ಫೋನು ಮತ್ತು ಇಂಟರ್ನೆಟ್ ₹5,000 ಎಂದರೆ ಒಟ್ಟು ₹1,40,000, ಅದರ ಮೇಲೆ ಶೇ 18ರಂತೆ ₹25,200 ತೆರಿಗೆ. ಮಳಿಗೆಯ ಬಾಡಿಗೆಯಲ್ಲಿ ಎಣ್ಣೆಯ ಪಾಲೆಷ್ಟು, ಅಕ್ಕಿಯ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಪ್ರಮಾಣದ ಲೆಕ್ಕ ಬೇಕಾಗುವುದು ಇಲ್ಲಿ ಮಾತ್ರ. ನಿಯಮದಲ್ಲಿ ಅದು ಹೀಗಿದೆ:

```
D1 = (E ÷ F) × C2
```

E ವಿನಾಯಿತಿ ಮಾರಾಟದ ಮೊತ್ತ, F ರಾಜ್ಯದೊಳಗಿನ ಒಟ್ಟು ವಹಿವಾಟು, C2 ಎರಡಕ್ಕೂ ಸೇರಿದ ಕ್ರೆಡಿಟ್, D1 ಮರಳಿಸಬೇಕಾದ ಮೊತ್ತ. 20 ಲಕ್ಷವನ್ನು 50 ಲಕ್ಷದಿಂದ ಭಾಗಿಸಿ 25,200ರಿಂದ ಗುಣಿಸಿದರೆ ₹10,080. ಯಾವುದೋ ಒಂದು ತಿಂಗಳು ವಹಿವಾಟೇ ನಡೆಯದಿದ್ದರೆ, ಲೆಕ್ಕ ಸಿಗುವ ಹಿಂದಿನ ಅವಧಿಯ ಅಂಕಿಗಳನ್ನು ಬಳಸಬಹುದು. ಸೇರಿದ ಖರ್ಚಿನ ಒಂದು ಭಾಗ ಮನೆಬಳಕೆಗೂ ಹೋಗುತ್ತಿದ್ದರೆ C2ವಿನ ಶೇ 5ರಷ್ಟನ್ನು ಅದಕ್ಕಾಗಿ ಪ್ರತ್ಯೇಕವಾಗಿ ಮರಳಿಸಬೇಕು. ಈ ಅಂಗಡಿಯಲ್ಲಿ ಹಾಗೇನೂ ಇಲ್ಲ ಎಂದುಕೊಳ್ಳೋಣ.

ಬಿಲ್ಲುಗಳನ್ನು ಬೇರ್ಪಡಿಸುವ ಕೆಲಸ ಬೇಸರದ್ದು. ಆದರೆ ವ್ಯಾಪಾರಿಯ ದುಡ್ಡು ಉಳಿಯುವುದೂ ಹೋಗುವುದೂ ಅಲ್ಲೇ. ಎಣ್ಣೆ, ಚಹಾದ ಬಿಲ್ಲುಗಳನ್ನು ಬೇರೆ ಇಡದೆ ₹2,40,000ವನ್ನೂ ಸೇರಿದ ಖರ್ಚಿನ ಗುಂಪಿಗೇ ಹಾಕಿದರೆ C2 ₹2,65,200 ಆಗುತ್ತದೆ. ಅದರ ಶೇ 40 ಎಂದರೆ ₹1,06,080. ಕೊಡಬೇಕಾದ್ದು ₹10,080, ಕೊಟ್ಟದ್ದು ಅದರ ಹತ್ತು ಪಟ್ಟಿಗೂ ಹೆಚ್ಚು. ತಿಂಗಳಿಗೆ ₹96,000 ಕೈಬಿಟ್ಟುಹೋಗುವುದನ್ನು ಯಾರೂ ಬಂದು ತಿಳಿಸುವುದಿಲ್ಲ, ಏಕೆಂದರೆ ಹೆಚ್ಚು ಮರಳಿಸಿದವರಿಗೆ ಸಾಮಾನ್ಯವಾಗಿ ನೋಟಿಸು ಬರುವುದಿಲ್ಲ. ಖರೀದಿ ಬಿಲ್ಲು ಪುಸ್ತಕಕ್ಕೆ ಏರುವ ದಿನವೇ ಅದು ಮೂರರಲ್ಲಿ ಯಾವ ಗುಂಪಿನದು ಎಂದು ಗುರುತು ಹಾಕಿಬಿಟ್ಟರೆ ತಿಂಗಳ ಕೊನೆಗೆ ಈ ತೊಡಕೇ ಇರುವುದಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರುಗಳಲ್ಲಿ ಖರೀದಿಯನ್ನು ಹೀಗೆ ಗುಂಪು ಮಾಡಿ ಇಡುವುದು ಕಷ್ಟವೇನಲ್ಲ. ಬಹಳಷ್ಟು ಅಂಗಡಿಗಳಲ್ಲಿ ಇಲ್ಲದಿರುವುದು ಆ ಅಭ್ಯಾಸ.

E ಎಂಬ ಅಂಕಿಯೊಳಗೆ ಏನೇನು ಸೇರುತ್ತದೆ ಎಂಬುದರಲ್ಲೂ ಎಡವುವವರಿದ್ದಾರೆ. ರಫ್ತು ಮಾಡಿದ ಅಕ್ಕಿಗೆ ತೆರಿಗೆ ಕಟ್ಟದಿದ್ದರೂ ಕಾನೂನಿನ ಕಣ್ಣಿನಲ್ಲಿ ಅದು ವಿನಾಯಿತಿಯ ಮಾರಾಟವಲ್ಲ, ಶೂನ್ಯ ದರದ ಮಾರಾಟ. ಅದರ ಐಟಿಸಿ ಉಳಿಯುತ್ತದೆ. ಬ್ಯಾಂಕಿನ ಠೇವಣಿಗೆ ಬಂದ ಬಡ್ಡಿಯನ್ನು ಸಾಮಾನ್ಯ ವ್ಯಾಪಾರಿ E ಲೆಕ್ಕಕ್ಕೆ ಸೇರಿಸಬೇಕಿಲ್ಲ. ಆದರೆ ಜಮೀನಿನ ಮಾರಾಟ ಸೇರುತ್ತದೆ, ಅದೂ ಮುದ್ರಾಂಕ ಶುಲ್ಕಕ್ಕೆ ಹಿಡಿದ ಬೆಲೆಯಲ್ಲಿ. ಅಂಗಡಿಯ ಸಂಸ್ಥೆ ಒಂದು ವರ್ಷ ತನ್ನ ಹಳೆಯ ನಿವೇಶನ ಮಾರಿದರೆ ಆ ವರ್ಷ E ಒಮ್ಮೆಲೇ ಏರಿ, ಬಾಡಿಗೆ, ಶುಲ್ಕಗಳ ಐಟಿಸಿಯ ದೊಡ್ಡ ಪಾಲನ್ನು ನುಂಗುತ್ತದೆ. ಷೇರುಗಳ ಮಾರಾಟವೂ ಸೇರುತ್ತದೆ. ಆದರೆ ಅಲ್ಲಿ ಮಾರಾಟ ಬೆಲೆಯ ಶೇ 1ರಷ್ಟನ್ನು ಮಾತ್ರ ಹಿಡಿಯುತ್ತಾರೆ. ಮಾರಿದವನ ಬದಲು ಕೊಂಡವನೇ ತೆರಿಗೆ ಕಟ್ಟುವ ವಹಿವಾಟುಗಳು, ಅಂದರೆ ರಿವರ್ಸ್ ಚಾರ್ಜಿನವು, ಮಾರಿದವನ ಮಟ್ಟಿಗೆ ವಿನಾಯಿತಿಯ ಲೆಕ್ಕಕ್ಕೇ ಹೋಗುತ್ತವೆ.

ಯಂತ್ರಗಳಿಗೆ ಲೆಕ್ಕ ಕೊಂಚ ಬೇರೆ, ಅದು 43ನೇ ನಿಯಮದಲ್ಲಿದೆ. ಪೊಟ್ಟಣ ಮತ್ತು ಚೀಲ ಎರಡನ್ನೂ ತುಂಬುವ ತೂಕ-ಪ್ಯಾಕಿಂಗ್ ಯಂತ್ರವನ್ನು ₹6,00,000ಕ್ಕೆ ಕೊಂಡು ₹1,08,000 ತೆರಿಗೆ ಕೊಟ್ಟಿದ್ದರೆ, ಯಂತ್ರದ ಆಯುಷ್ಯ ಐದು ವರ್ಷ ಎಂದು ಹಿಡಿದು ಆ ಮೊತ್ತವನ್ನು 60 ತಿಂಗಳಿಗೆ ಹಂಚುತ್ತಾರೆ. ತಿಂಗಳಿಗೆ ₹1,800. ಅದರ ಶೇ 40 ಎಂದರೆ ₹720, ಇದು ಅಕ್ಟೋಬರ್ ತಿಂಗಳಿಗೆ ಮರಳಿಸಬೇಕಾದ ಪಾಲು. ಮುಂದಿನ ತಿಂಗಳು ವಿನಾಯಿತಿ ಮಾರಾಟದ ಪ್ರಮಾಣ ಬದಲಾದರೆ ಈ ಪಾಲೂ ಬದಲಾಗುತ್ತದೆ.

ಇನ್ನು ಹಾಳಾದ ಸರಕಿನ ಮಾತು. ಅಕ್ಟೋಬರ್ ಮಳೆಗೆ ಗೋದಾಮಿನ ಚಾವಣಿ ಸೋರಿ ಸಾಬೂನಿನ ಪೆಟ್ಟಿಗೆಗಳು ನೆನೆದವು ಎಂದುಕೊಳ್ಳೋಣ. ಕೊಂಡ ಬೆಲೆ ₹80,000. ಅದರಲ್ಲಿ ₹30,000 ಬೆಲೆಯವು ಹೊದಿಕೆ ಹಾಳಾದರೂ ಬಳಸಲು ಬರುವಂತಿದ್ದವು. ಅವನ್ನು ₹12,000ಕ್ಕೆ ಮಾರಲಾಯಿತು. ಉಳಿದ ₹50,000ದವು ಕರಗಿ ಮುದ್ದೆಯಾದವು, ಅವನ್ನು ಹೊರಗೆ ಹಾಕಿ ಪುಸ್ತಕದಲ್ಲಿ ವಜಾ ಮಾಡಲಾಯಿತು. ಕಡಿಮೆ ಬೆಲೆಗೆ ಮಾರಿದ ಭಾಗದ ಐಟಿಸಿ ಮರಳಿಸಬೇಕಿಲ್ಲ. ನಷ್ಟಕ್ಕೆ ಮಾರಿದರೂ ಅದು ತೆರಿಗೆಯೊಡನೆ ಆದ ಮಾರಾಟವೇ, ₹12,000ದ ಮೇಲೆ ಶೇ 5ರಂತೆ ₹600 ತೆರಿಗೆ ಕಟ್ಟಿದರೆ ಸಾಕು. ಪೂರ್ತಿ ಹಾಳಾದ ₹50,000ದ ಸರಕಿಗೆ ಮಾತ್ರ ಕ್ರೆಡಿಟ್ ಮರಳಿಸಬೇಕು. ನೆನೆದದ್ದೆಲ್ಲವನ್ನೂ ಒಂದೇ ಏಟಿಗೆ ವಜಾ ಮಾಡಿ, ಆಮೇಲೆ ಸಿಕ್ಕಷ್ಟಕ್ಕೆ ಕೈಯಿಂದ ಕೈಗೆ ಮಾರುವವರಿಗೆ ಎರಡು ಕಡೆಯಿಂದಲೂ ತೊಂದರೆ: ಐಟಿಸಿಯೂ ಹೋಯಿತು, ಬಿಲ್ಲಿಲ್ಲದ ಮಾರಾಟದ ಆರೋಪವೂ ಬಂತು.

ಮರಳಿಸಬೇಕಾದ್ದು ಎಷ್ಟು? ಇಲ್ಲಿ ದಿನಾಂಕ ಮುಖ್ಯವಾಗುತ್ತದೆ. ಸ್ನಾನದ ಸಾಬೂನಿನ ತೆರಿಗೆ 2025ರ ಸೆಪ್ಟೆಂಬರ್ 22ರಂದು ಶೇ 18ರಿಂದ ಶೇ 5ಕ್ಕೆ ಇಳಿಯಿತು. ಹಾಳಾದ ಪೆಟ್ಟಿಗೆಗಳನ್ನು ಆಗಸ್ಟಿನಲ್ಲಿ ಕೊಂಡಿದ್ದರೆ ಅವುಗಳ ಮೇಲೆ ಕೊಟ್ಟದ್ದೂ ಕ್ರೆಡಿಟ್ ಪಡೆದದ್ದೂ ಶೇ 18ರ ತೆರಿಗೆ. ಅಕ್ಟೋಬರಿನಲ್ಲಿ ದರ ಶೇ 5 ಇದೆಯೆಂದು ₹2,500 ಮರಳಿಸಿದರೆ ತಪ್ಪಾಗುತ್ತದೆ. ಮರಳಿಸಬೇಕಾದ್ದು ನಿಜವಾಗಿ ಪಡೆದ ₹9,000. ಮಾರುವ ಬೆಲೆಗೂ ಈ ಲೆಕ್ಕಕ್ಕೂ ಸಂಬಂಧವಿಲ್ಲ. ಕ್ರೆಡಿಟ್ ಯಾವ ಬಿಲ್ಲಿನಿಂದ ಬಂತೋ ಆ ಬಿಲ್ಲೇ ಆಧಾರ. ಹಾಳಾದ ಪೆಟ್ಟಿಗೆ ಯಾವ ಬಿಲ್ಲಿನದೆಂದು ಹುಡುಕುವ ವಿಧಾನವನ್ನು ಕಾನೂನು ನಿಗದಿಪಡಿಸಿಲ್ಲ. ಬ್ಯಾಚ್ ಸಂಖ್ಯೆ ಇದ್ದರೆ ಅದರಿಂದ, ಇಲ್ಲದಿದ್ದರೆ ಮೊದಲು ಬಂದದ್ದು ಮೊದಲು ಹೋಯಿತೆಂದು ಹಿಡಿದು ಲೆಕ್ಕ ಮಾಡುವುದು ರೂಢಿ. ಒಮ್ಮೆ ಒಂದು ವಿಧಾನ ಹಿಡಿದರೆ ವರ್ಷವರ್ಷಕ್ಕೂ ಅದನ್ನೇ ಪಾಲಿಸಬೇಕು.

ವಿಮೆ ಇದ್ದರೆ ಐಟಿಸಿ ಮರಳಿಸಬೇಕಿಲ್ಲ ಎಂಬ ನಂಬಿಕೆ ವ್ಯಾಪಾರಿಗಳಲ್ಲಿದೆ. ಅದು ನಿಜವಲ್ಲ. ವಿಮಾ ಕಂಪನಿ ಕೊಡುವ ಹಣ ನಷ್ಟಕ್ಕೆ ಪರಿಹಾರ, ಅದು ಸರಕಿನ ಮಾರಾಟವಲ್ಲ. ಕಳ್ಳತನದ ದೂರು ಕೊಟ್ಟು ಎಫ್‌ಐಆರ್ ಮಾಡಿಸಿದ ಮಾತ್ರಕ್ಕೂ ಕ್ರೆಡಿಟ್ ಉಳಿಯುವುದಿಲ್ಲ. ಕಳುವಾದ ಸರಕನ್ನು ಕಾನೂನು ಹೆಸರಿಸಿಯೇ ಹೇಳಿದೆ. ದುಡ್ಡು ಕೊಟ್ಟು ಕೊಂಡದ್ದನ್ನು ಕಳ್ಳ ಒಯ್ದ ಮೇಲೆ ತೆರಿಗೆಯನ್ನೂ ಕಳೆದುಕೊಳ್ಳುವುದು ನೋವಿನ ಸಂಗತಿ, ವ್ಯಾಪಾರಿಯ ತಪ್ಪಿಲ್ಲದ ನಷ್ಟಕ್ಕೂ ಕಾನೂನು ಇಲ್ಲಿ ರಿಯಾಯಿತಿ ಇಟ್ಟಿಲ್ಲ. ಅದಕ್ಕಾಗಿಯೇ ವಿಮೆ ಮಾಡಿಸುವಾಗ ಸರಕಿನ ಬೆಲೆಯನ್ನು ತೆರಿಗೆ ಸೇರಿಸಿ ತೋರಿಸುವುದು, ಕ್ಲೇಮು ಹಾಕುವಾಗ ಮರಳಿಸಿದ ಐಟಿಸಿಯನ್ನೂ ನಷ್ಟದಲ್ಲಿ ಸೇರಿಸುವುದು ಒಳ್ಳೆಯದು.

ವಜಾ ಎಂಬುದಕ್ಕೂ ಗಡಿ ಇದೆ. ಜಿಎಸ್‌ಟಿ ಬರುವ ಮುಂಚಿನ ಸೆನ್‌ವ್ಯಾಟ್ ನಿಯಮದಲ್ಲಿ, ಪುಸ್ತಕದಲ್ಲಿ ಸರಕಿನ ಬೆಲೆಯನ್ನು ಭಾಗಶಃ ತಗ್ಗಿಸಿದರೂ, ಮುಂದೆ ವಜಾ ಮಾಡಬೇಕಾದೀತೆಂದು ಮೊತ್ತ ಬದಿಗಿಟ್ಟರೂ ಕ್ರೆಡಿಟ್ ಕೊಡಬೇಕಾಗಿತ್ತು. ಜಿಎಸ್‌ಟಿ ಕಾಯ್ದೆಯಲ್ಲಿ ಆ ಮಾತುಗಳಿಲ್ಲ, ವಜಾ ಮಾಡಿದ ಸರಕು ಎಂದಷ್ಟೇ ಇದೆ. ಹಾಗಾಗಿ ಹೋಗದೆ ಉಳಿದ ಹಳೆಯ ಸರಕಿನ ಬೆಲೆಯನ್ನು ವರ್ಷದ ಕೊನೆಯ ದಾಸ್ತಾನಿನಲ್ಲಿ ಕಡಿಮೆ ತೋರಿಸಿದ ಮಾತ್ರಕ್ಕೆ, ಸರಕು ಇನ್ನೂ ಗೋದಾಮಿನಲ್ಲಿದ್ದು ಮಾರಾಟಕ್ಕೆ ಇಟ್ಟಿದ್ದರೆ, ಐಟಿಸಿ ಮರಳಿಸಬೇಕಿಲ್ಲ ಎಂದು ವಾದಿಸಲು ಗಟ್ಟಿ ಆಧಾರವಿದೆ. ಆ ಖಂಡ ಹೇಳುವುದು ಸರಕನ್ನು, ಸೇವೆಯನ್ನಲ್ಲ ಎಂಬುದನ್ನೂ ಗಮನಿಸಬೇಕು; ಗೋದಾಮಿನ ಬಾಡಿಗೆಗೆ ಕೊಟ್ಟ ತೆರಿಗೆ ಅದರ ಮಾತಿನೊಳಗೆ ಬರುವುದಿಲ್ಲ. ಸಾಲದ ವಜಾ ಇವೆರಡಕ್ಕೂ ಸೇರದ ಬೇರೆಯೇ ವಿಷಯ: ಸರಕು ಕೊಂಡವನು ಹಣ ಕೊಡದೆ ಕೈಯೆತ್ತಿದರೆ ಮಾರಿದವನು ತನ್ನ ಖರೀದಿಯ ಐಟಿಸಿ ಮರಳಿಸಬೇಕಿಲ್ಲ, ಆದರೆ ಕಟ್ಟಿದ ತೆರಿಗೆಯೂ ವಾಪಸು ಬರುವುದಿಲ್ಲ.

ತಯಾರಿಕೆಯಲ್ಲಿ ಸಹಜವಾಗಿ ಆಗುವ ತೂಕದ ಇಳಿತ, ಆವಿಯಾಗುವಿಕೆ, ಕತ್ತರಿಸಿ ಉಳಿದ ತುಂಡುಗಳ ಪ್ರಶ್ನೆ ಮದ್ರಾಸ್ ಹೈಕೋರ್ಟಿನ ಮುಂದೆ ಬಂದಿತ್ತು. ಎಆರ್‌ಎಸ್ ಸ್ಟೀಲ್ಸ್ ಪ್ರಕರಣದಲ್ಲಿ 2021ರಲ್ಲಿ ಕೋರ್ಟು, ತಯಾರಿಕೆಯ ಅವಿಭಾಜ್ಯ ಭಾಗವಾದ ಇಂಥ ನಷ್ಟ ‘ಎಚ್’ ಖಂಡ ಹೇಳುವ ನಷ್ಟವಲ್ಲ ಎಂದಿತು. ಕಬ್ಬಿಣ ಕರಗಿಸುವಾಗ ತೂಕ ಕಡಿಮೆಯಾಗುವುದು ಕಳ್ಳತನವೂ ಅಲ್ಲ, ನಾಶವೂ ಅಲ್ಲ. ಆದರೆ ಎಷ್ಟು ಇಳಿತ ಸಹಜ ಎಂಬುದನ್ನು ತೋರಿಸುವ ಹೊಣೆ ತಯಾರಕನದೇ, ಅದಕ್ಕೆ ದಿನದಿನದ ಉತ್ಪಾದನೆಯ ಪುಸ್ತಕ ಬೇಕು.

ಅಂಗಡಿಯ ಕತೆಗೆ ಬಂದರೆ, ಅದೇ ತಿಂಗಳು ದೀಪಾವಳಿ. ಕಾಯಂ ಗಿರಾಕಿಗಳಿಗೆ ₹400ರ ನೂರು ಸಿಹಿ ಪೆಟ್ಟಿಗೆಗಳನ್ನು ಉಡುಗೊರೆ ಕೊಡಲಾಯಿತು: ₹40,000, ಅದಕ್ಕೆ ಶೇ 5ರಂತೆ ₹2,000 ತೆರಿಗೆ. ಇದು ವ್ಯಾಪಾರಕ್ಕಾಗಿ ಮಾಡಿದ ಖರ್ಚೇ ಆದರೂ ಉಡುಗೊರೆಯಾದ್ದರಿಂದ ₹2,000 ಕ್ರೆಡಿಟ್ ಇಲ್ಲ. ಒಂದು ಕೊಂಡರೆ ಒಂದು ಉಚಿತ ಎಂಬ ಮಾರಾಟ ಇದರಿಂದ ಬೇರೆ. 2019ರ ಮಾರ್ಚ್ 7ರ ಸುತ್ತೋಲೆಯಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮಂಡಳಿ, ಅಲ್ಲಿ ಒಂದು ಬೆಲೆಗೆ ಎರಡು ವಸ್ತು ಮಾರಿದಂತಾಗುತ್ತದೆ, ಎರಡನೆಯದು ಪುಕ್ಕಟೆಯಲ್ಲ, ಆದ್ದರಿಂದ ಐಟಿಸಿ ಉಳಿಯುತ್ತದೆ ಎಂದು ತಿಳಿಸಿದೆ. ಬಿಲ್ಲಿನಲ್ಲಿ ಎರಡೂ ವಸ್ತುಗಳು ಒಟ್ಟಿಗೆ ಕಾಣುವಂತಿದ್ದರೆ ಈ ವ್ಯತ್ಯಾಸ ತೋರಿಸುವುದು ಸುಲಭ.

ಅವಧಿ ಮುಗಿದ ಔಷಧಿಗಳ ವಿಷಯಕ್ಕೂ ಪ್ರತ್ಯೇಕ ಸುತ್ತೋಲೆ ಇದೆ, 2018ರ ಅಕ್ಟೋಬರ್ 26ರದು. ಔಷಧ ಅಂಗಡಿ ಅವಧಿ ಮುಗಿದ ಮಾತ್ರೆಗಳನ್ನು ಹೊಸ ಮಾರಾಟದ ಬಿಲ್ಲು ಮಾಡಿ ಕಂಪನಿಗೆ ಮರಳಿಸಿದರೆ ಕಂಪನಿ ಆ ಬಿಲ್ಲಿನ ಮೇಲೆ ಐಟಿಸಿ ಪಡೆಯಬಹುದು. ಆದರೆ ಮಾತ್ರೆಗಳನ್ನು ನಾಶ ಮಾಡಿದಾಗ ಆ ಐಟಿಸಿಯನ್ನು ಮರಳಿಸಬೇಕು. ಹಾಗೆ ಮರಳಿಸುವುದು ವಾಪಸು ಬಂದ ಬಿಲ್ಲಿನ ಐಟಿಸಿಯನ್ನು, ಮೊದಲು ಮಾತ್ರೆ ತಯಾರಿಸಿದಾಗ ಪಡೆದದ್ದನ್ನಲ್ಲ. ಗೊಂದಲ ಹುಟ್ಟುತ್ತಿದ್ದುದು ಈ ಎರಡರ ನಡುವೆಯೇ.

ಈಗ ಅಕ್ಟೋಬರ್ ತಿಂಗಳ ಮೊತ್ತಗಳನ್ನು ರಿಟರ್ನಿಗೆ ಏರಿಸಬೇಕು. ಚೀಲಗಳ ₹9,000, ಸೇರಿದ ಖರ್ಚಿನ ₹10,080, ಯಂತ್ರದ ₹720, ನೆನೆದ ಸಾಬೂನಿನ ₹9,000, ಉಡುಗೊರೆಯ ₹2,000 ಕೂಡಿದರೆ ₹30,800. ಎಲ್ಲ ಖರೀದಿಯೂ ರಾಜ್ಯದೊಳಗಿನದಾದ್ದರಿಂದ ಇದರ ಅರ್ಧ ₹15,400 ಕೇಂದ್ರ ತೆರಿಗೆಯ ಸಾಲಿಗೆ, ಉಳಿದರ್ಧ ರಾಜ್ಯ ತೆರಿಗೆಯ ಸಾಲಿಗೆ. ಜಿಎಸ್‌ಟಿಆರ್-3ಬಿಯ ನಾಲ್ಕನೇ ಪಟ್ಟಿಯಲ್ಲಿ 4(A) ಭಾಗದಲ್ಲಿ ಮೊದಲು ಆ ತಿಂಗಳ ಪೂರ್ತಿ ಐಟಿಸಿ ಕಾಣಬೇಕು: ತೆರಿಗೆಯ ಸರಕಿನದು, ಸೇರಿದ ಖರ್ಚಿನದು, ಚೀಲದ್ದು, ಉಡುಗೊರೆಯದು ಸೇರಿ ₹2,76,200. ಸಾಬೂನಿನ ₹9,000 ಆಗಸ್ಟಿನ ರಿಟರ್ನಿನಲ್ಲೇ ಬಂದಿದೆ, ಯಂತ್ರದ್ದೂ ಕೊಂಡ ತಿಂಗಳಲ್ಲೇ ಬಂದಿದೆ. ಮರಳಿಸುವ ₹30,800 ಪೂರ್ತಿ 4(B)(1) ಸಾಲಿಗೆ ಹೋಗುತ್ತದೆ. ಉಳಿಯುವ ನಿವ್ವಳ ಕ್ರೆಡಿಟ್ ₹2,45,400.

ಕೆಲವರು ಚೀಲ ಮತ್ತು ಉಡುಗೊರೆಯ ಐಟಿಸಿಯನ್ನು ಮೊದಲೇ ಕಳೆದು 4(A)ಯಲ್ಲಿ ಕಡಿಮೆ ಮೊತ್ತ ತೋರಿಸುತ್ತಾರೆ. ಉಳಿಯುವ ನಿವ್ವಳ ಮೊತ್ತ ಒಂದೇ ಆದರೂ 2022ರ ಜುಲೈ 6ರ ಸುತ್ತೋಲೆ ಹೇಳಿದ ಕ್ರಮ ಇದಲ್ಲ: ಪೂರ್ತಿ ತೋರಿಸಿ, ಆಮೇಲೆ ಮರಳಿಸಬೇಕು. ಇನ್ನು ಕೆಲವರು ಎಲ್ಲವನ್ನೂ 4(B)(2)ಕ್ಕೆ ಹಾಕಿಬಿಡುತ್ತಾರೆ. ಆ ಸಾಲು ಮುಂದೆ ಮತ್ತೆ ಪಡೆಯಬಹುದಾದ ತಾತ್ಕಾಲಿಕ ಮರಳಿಕೆಗಳಿಗೆ ಮೀಸಲು. ನೆನೆದ ಸಾಬೂನಿನ ಐಟಿಸಿ ಮತ್ತೆ ಬರುವುದಿಲ್ಲ, ಅದನ್ನು ಅಲ್ಲಿ ಬರೆದರೆ ಮುಂದೊಂದು ದಿನ ಯಾರೋ ಮರೆತು ವಾಪಸು ಪಡೆದುಬಿಡುವ ಅಪಾಯವಿದೆ.

ತಿಂಗಳ ಲೆಕ್ಕ ತಾತ್ಕಾಲಿಕ. ಅಕ್ಕಿಯ ಮಾರಾಟ ಒಂದು ತಿಂಗಳು ಹೆಚ್ಚಿ ಇನ್ನೊಂದು ತಿಂಗಳು ಇಳಿಯುತ್ತದೆ, ಬಾಡಿಗೆ ಅಷ್ಟೇ ಇರುತ್ತದೆ. ಆದ್ದರಿಂದ ಹಣಕಾಸು ವರ್ಷ ಮುಗಿದ ಮೇಲೆ ಇಡೀ ವರ್ಷದ E, F, C2ಗಳನ್ನು ಹಿಡಿದು ಇನ್ನೊಮ್ಮೆ ಲೆಕ್ಕ ಹಾಕಬೇಕು, ಅದೂ ಮುಂದಿನ ಸೆಪ್ಟೆಂಬರ್ ತಿಂಗಳ ರಿಟರ್ನಿನ ಗಡುವಿನೊಳಗೆ. ವರ್ಷದ C2 ₹3,00,000, ಹನ್ನೆರಡು ತಿಂಗಳಲ್ಲಿ ಮರಳಿಸಿದ್ದು ₹1,10,000 ಎಂದಿಟ್ಟುಕೊಳ್ಳಿ. ವರ್ಷದ ಪ್ರಮಾಣ ಶೇ 42 ಎಂದು ಬಂದರೆ ಮರಳಿಸಬೇಕಿದ್ದದ್ದು ₹1,26,000. ಕಡಿಮೆ ಬಿದ್ದ ₹16,000ವನ್ನು ಏಪ್ರಿಲ್ 1ರಿಂದ ಶೇ 18ರ ಬಡ್ಡಿಯೊಡನೆ ಕಟ್ಟಬೇಕು. ಅಕ್ಟೋಬರ್ 20ರವರೆಗೆ ಕಾದರೆ ಬಡ್ಡಿಯೇ ಸುಮಾರು ₹1,600. ಪ್ರಮಾಣ ಶೇ 35 ಎಂದು ಬಂದರೆ ಬೇಕಿದ್ದದ್ದು ₹1,05,000, ಹೆಚ್ಚು ಮರಳಿಸಿದ ₹5,000ವನ್ನು ವಾಪಸು ಪಡೆಯಬಹುದು. ಆದರೆ ಅದಕ್ಕೂ ಗಡುವು ಅದೇ ಸೆಪ್ಟೆಂಬರ್ ರಿಟರ್ನು. ಬಡ್ಡಿಯ ಭಯದಿಂದ ಕಡಿಮೆ ಬಿದ್ದದ್ದನ್ನು ಹುಡುಕುವ ಲೆಕ್ಕಿಗರೂ ಹೆಚ್ಚು ಕಟ್ಟಿದ್ದನ್ನು ಹುಡುಕಲು ಮರೆಯುವುದುಂಟು.

ತಡವಾಗಿ ಮರಳಿಸಿದ ಮಿಕ್ಕ ಐಟಿಸಿಯ ಬಡ್ಡಿಗೆ ಬೇರೊಂದು ನಿಯಮ. 50ನೇ ಕಲಮಿನ ಮೂರನೇ ಉಪಕಲಮಿನ ಪ್ರಕಾರ, ತಪ್ಪಾಗಿ ಪಡೆದ ಕ್ರೆಡಿಟ್ಟನ್ನು ಬಳಸಿಯೂ ಇದ್ದರೆ ಮಾತ್ರ ಬಡ್ಡಿ. ಬಳಸಿದ್ದಾರೋ ಇಲ್ಲವೋ ತಿಳಿಯುವುದು ಎಲೆಕ್ಟ್ರಾನಿಕ್ ಕ್ರೆಡಿಟ್ ಲೆಡ್ಜರಿನಿಂದ: ಅದರ ಬಾಕಿ ತಪ್ಪಾಗಿ ಪಡೆದ ಮೊತ್ತಕ್ಕಿಂತ ಕೆಳಗೆ ಇಳಿದ ದಿನದಿಂದ, ಇಳಿದಷ್ಟರ ಮಟ್ಟಿಗೆ ಬಳಸಿದಂತೆ. ಲೆಡ್ಜರಿನಲ್ಲಿ ಯಾವಾಗಲೂ ಸಾಕಷ್ಟು ಬಾಕಿ ಇದ್ದ ವ್ಯಾಪಾರಿಗೆ ಬಡ್ಡಿ ಬೀಳುವುದಿಲ್ಲ.

ಸರಕು ಗೋದಾಮಿನಲ್ಲಿರುವಾಗಲೇ ಅದರ ತೆರಿಗೆ ಪೂರ್ತಿ ಹೋಗಿಬಿಟ್ಟರೆ ಬೇರೆ ದಾರಿ ಇದೆ. 2025ರ ಸೆಪ್ಟೆಂಬರ್ 22ರಂದು ಶಾಲಾ ನೋಟ್‌ಬುಕ್, ಪೆನ್ಸಿಲ್‌ಗಳ ತೆರಿಗೆ ಶೇ 12ರಿಂದ ಶೂನ್ಯಕ್ಕೆ ಇಳಿಯಿತು. ಹಿಂದಿನ ದಿನದವರೆಗೆ ₹2,00,000 ಬೆಲೆಯ ನೋಟ್‌ಬುಕ್ ದಾಸ್ತಾನಿಟ್ಟು ₹24,000 ಕ್ರೆಡಿಟ್ ಪಡೆದಿದ್ದ ಪುಸ್ತಕದ ವ್ಯಾಪಾರಿ, ಆ ದಾಸ್ತಾನು ಇನ್ನು ವಿನಾಯಿತಿಯಲ್ಲಿ ಮಾರಾಟವಾಗುವುದರಿಂದ ಅದನ್ನು ಉಳಿಸಿಕೊಳ್ಳುವಂತಿಲ್ಲ. ಮಾರುವ ಸರಕೆಲ್ಲ ಪೂರ್ತಿ ವಿನಾಯಿತಿಗೆ ಹೋದಾಗ 18ನೇ ಕಲಮಿನ ನಾಲ್ಕನೇ ಉಪಕಲಮಿನಂತೆ ಐಟಿಸಿ-03 ಎಂಬ ನಮೂನೆಯಲ್ಲಿ ದಾಸ್ತಾನಿನ ವಿವರ ಕೊಟ್ಟು ಮರಳಿಸಬೇಕು. ಖರೀದಿ ಬಿಲ್ಲು ಸಿಗದಿದ್ದರೆ ಮಾರುಕಟ್ಟೆ ಬೆಲೆ ಹಿಡಿದು ಲೆಕ್ಕಪರಿಶೋಧಕರ ಪ್ರಮಾಣಪತ್ರ ಪಡೆಯಬೇಕು. ಅದೇ ದಿನ ಶೇ 18ರಿಂದ ಶೇ 5ಕ್ಕೆ ಇಳಿದ ಸಾಬೂನಿಗೆ ಇದು ಅನ್ವಯಿಸುವುದಿಲ್ಲ. ದರ ಇಳಿಯಿತು, ಆದರೆ ತೆರಿಗೆ ಹೋಗಲಿಲ್ಲ. ಆದ್ದರಿಂದ ಒಳ್ಳೆಯ ಸ್ಥಿತಿಯಲ್ಲಿದ್ದ ಸಾಬೂನಿನ ಶೇ 18ರ ಕ್ರೆಡಿಟ್ ಉಳಿಯಿತು.

ಇಲಾಖೆ ತಪ್ಪು ಹಿಡಿಯುವುದು ಹೆಚ್ಚಾಗಿ ವ್ಯಾಪಾರಿಯ ಸ್ವಂತ ಕಾಗದಗಳಿಂದಲೇ. ಜಿಎಸ್‌ಟಿಆರ್-3ಬಿಯ 3.1(c) ಸಾಲಿನಲ್ಲಿ ವಿನಾಯಿತಿಯ ಮಾರಾಟ ಲಕ್ಷಗಟ್ಟಲೆ ಇದ್ದು 4(B)(1)ರಲ್ಲಿ ಸೊನ್ನೆ ಇದ್ದರೆ ಪರಿಶೀಲನೆಯಲ್ಲಿ ಅದು ತಕ್ಷಣ ಎದ್ದು ಕಾಣುತ್ತದೆ. ಲಾಭನಷ್ಟ ಪಟ್ಟಿಯಲ್ಲಿ ಸರಕಿನ ವಜಾ ಎಂದು ಬರೆದ ಮೊತ್ತಕ್ಕೆ ತಕ್ಕ ಮರಳಿಕೆ ವಾರ್ಷಿಕ ರಿಟರ್ನಿನ ಏಳನೇ ಪಟ್ಟಿಯಲ್ಲಿ ಕಾಣದಿದ್ದರೆ ಎಎಸ್‌ಎಂಟಿ-10 ಎಂಬ ನೋಟಿಸು ಬರಬಹುದು. ನೋಟಿಸಿಗೆ ಉತ್ತರಿಸುವಾಗ ಕೆಲಸಕ್ಕೆ ಬರುವುದು 56ನೇ ನಿಯಮ ಕೇಳುವ ದಾಸ್ತಾನು ಪುಸ್ತಕ. ಆರಂಭದ ದಾಸ್ತಾನು, ಬಂದದ್ದು, ಹೋದದ್ದು ಮಾತ್ರವಲ್ಲ, ಕಳೆದುಹೋದ, ಕಳುವಾದ, ನಾಶವಾದ, ವಜಾ ಮಾಡಿದ, ಉಡುಗೊರೆ ಕೊಟ್ಟ ಸರಕಿಗೂ ಅದರಲ್ಲಿ ಲೆಕ್ಕ ಇರಬೇಕು. ದಾವಣಗೆರೆಯ ಆ ಅಂಗಡಿಯ ಪುಸ್ತಕದಲ್ಲಿ ಸಾಬೂನು ನೆನೆದ ದಿನಾಂಕ, ಬ್ಯಾಚ್ ಸಂಖ್ಯೆ, ಆಗಸ್ಟಿನ ಖರೀದಿ ಬಿಲ್ಲಿನ ಸಂಖ್ಯೆ, ಮಾರಿದ ಭಾಗದ ಬಿಲ್ಲು, ಹೊರಗೆ ಹಾಕಿದ ಭಾಗದ ಫೋಟೊ, ವಿಮಾ ಸರ್ವೇಯರ್ ಕೊಟ್ಟ ವರದಿ ಒಟ್ಟಿಗಿದ್ದರೆ, ₹80,000ದ ಸರಕಿನಲ್ಲಿ ₹50,000ಕ್ಕೆ ಮಾತ್ರ ಏಕೆ ಮರಳಿಸಲಾಯಿತು ಎಂಬ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ.